ಊಟಕ್ಕೆ ಎಷ್ಟು ಜನ, ಮನೆಗೆ ಎಷ್ಟು ಡಾಲರ್?

ಅಮೆರಿಕದ ಸಣ್ಣಪುಟ್ಟ ಊರುಗಳ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವ ನವೆಂಬರ್ 1ರಂದೇ ನಡೆಯುವುದು ಅಪರೂಪ. ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರವೇ ರಾಜ್ಯೋತ್ಸವ. ದಿನ ಗೊತ್ತಾದ ಕೂಡಲೇ ಸಮಿತಿಗೆ ಎದುರಾಗುವ ಪ್ರಶ್ನೆ, ಬರುವವರು ಎಷ್ಟು ಜನ ಎಂಬುದು.

ವಾಟ್ಸಾಪ್ ಗುಂಪಿನಲ್ಲಿ 'ಬರ್ತೀವಿ' ಎಂದವರನ್ನೆಲ್ಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ವೇದಿಕೆಯ ಕಾರ್ಯಕ್ರಮ ಪಟ್ಟಿ. ಮಗು ಕೋಲಾಟದಲ್ಲೋ ನಾಟಕದಲ್ಲೋ ಇದ್ದರೆ ಆ ಮನೆಯವರು ಬಂದೇ ಬರುತ್ತಾರೆ; ಊರಿನಿಂದ ಬಂದಿರುವ ಅಜ್ಜ-ಅಜ್ಜಿಯೂ ಜೊತೆಗಿರುತ್ತಾರೆ. ಈ ಪಟ್ಟಿಗೆ ಹಣ ಕಟ್ಟಿದ ಇತರರನ್ನು ಸೇರಿಸಿದರೆ ಊಟಕ್ಕೆ ಹೇಳಬಹುದಾದ ಸಂಖ್ಯೆ ಸಿಗುತ್ತದೆ. ಹೆಸರು ಬರೆಸಿಕೊಳ್ಳುವಾಗ ದೊಡ್ಡವರು, ಮಕ್ಕಳು, ಅತಿಥಿಗಳಾಗಿ ಬಂದ ಹಿರಿಯರು ಎಷ್ಟೆಷ್ಟು ಎಂದು ಬೇರೆಬೇರೆಯಾಗಿ ಕೇಳಬೇಕು. ಬಿಸಿಬೇಳೆಬಾತು ಹತ್ತು ಜನ ಹೆಚ್ಚಾದರೂ ಹೇಗೋ ಸಾಲುತ್ತದೆ. ಎಣಿಸಿ ತರಿಸಿದ ಹೋಳಿಗೆ ಸಾಲುವುದಿಲ್ಲ. ಲೆಕ್ಕ ತಪ್ಪಿದ್ದು ಮೊದಲು ಗೊತ್ತಾಗುವುದೇ ಅಲ್ಲಿ.

ವಂತಿಗೆ ನಿಗದಿ ಮಾಡುವಾಗ ಆಗುವ ದೊಡ್ಡ ತಪ್ಪೆಂದರೆ ಒಟ್ಟು ಖರ್ಚನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿಬಿಡುವುದು. ಹಾಗೆ ಮಾಡಿದರೆ ಇಬ್ಬರೇ ಇರುವ ಮನೆಯವರು ಆರು ಜನರ ಮನೆಯ ಊಟಕ್ಕೂ ಕೊಟ್ಟಂತಾಗುತ್ತದೆ. ಸಭಾಂಗಣ, ವಿಮೆ, ಧ್ವನಿವರ್ಧಕ, ಅಲಂಕಾರದ ಖರ್ಚು ಎಷ್ಟೇ ಜನ ಬಂದರೂ ಅಷ್ಟೇ. ಊಟದ ಖರ್ಚು ಮಾತ್ರ ತಲೆಯೆಣಿಕೆಯಂತೆ ಏರಿಳಿಯುತ್ತದೆ. ಮೊದಲನೆಯದನ್ನು ಮನೆಗಳ ಮೇಲೆ, ಎರಡನೆಯದನ್ನು ತಲೆಗಳ ಮೇಲೆ ಹಾಕುವುದು ನ್ಯಾಯ.

ಒಂದು ಉದಾಹರಣೆ ನೋಡಬಹುದು. ಬದಲಾಗದ ಖರ್ಚು 2,000 ಡಾಲರ್, ಊಟ ದೊಡ್ಡವರಿಗೆ 14, ಮಕ್ಕಳಿಗೆ 7 ಡಾಲರ್ ಎಂದುಕೊಳ್ಳೋಣ. ಬರುತ್ತೇವೆಂದ ಮನೆಗಳು 70. ಆದರೆ ಭಾಗಿಸಬೇಕಾದ್ದು 60ರಿಂದ, ಏಕೆಂದರೆ ಜ್ವರ, ಹಿಮ, ಮಗುವಿನ ಪಂದ್ಯ ಎಂದು ಕೊನೆಯ ಗಳಿಗೆಯಲ್ಲಿ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಮನೆಯ ಪಾಲು ಸುಮಾರು 33 ಡಾಲರ್ ಆಯಿತು. ಗಂಡ-ಹೆಂಡತಿ, ಇಬ್ಬರು ಮಕ್ಕಳ ಊಟಕ್ಕೆ 42 ಸೇರಿ ಒಟ್ಟು 75. ಮಕ್ಕಳಿಲ್ಲದ ದಂಪತಿಗೆ 61. ಊರಿನಿಂದ ಬಂದ ತಂದೆ-ತಾಯಿಗೆ ಊಟದ ತಲಾ 14 ಮಾತ್ರ. ಒಂಟಿ ವಿದ್ಯಾರ್ಥಿಗೆ ಅರ್ಧ ಪಾಲು ಹಾಕಿದರೆ ಸುಮಾರು 31ರಲ್ಲಿ ಮುಗಿಯುತ್ತದೆ. ಎಪ್ಪತ್ತು ಮನೆಯವರೂ ಬಂದರೆ ಮುನ್ನೂರು ಡಾಲರ್ ಉಳಿಯುತ್ತದೆ. ಐವತ್ತೈದೇ ಆದರೆ ಇನ್ನೂರರಷ್ಟು ಕೈಯಿಂದ ಹಾಕಬೇಕಾಗುತ್ತದೆ.

ಅಡುಗೆಯವರಿಗೆ ಅಂತಿಮ ಸಂಖ್ಯೆ ಹೇಳುವ ದಿನಕ್ಕಿಂತ ಎರಡು ದಿನ ಮುಂಚೆಯೇ ಹಣ ಕಟ್ಟುವ ಗಡುವು ಮುಗಿಯಬೇಕು. ಆಮೇಲೆ ಬಂದವರಿಗೆ ಬಾಗಿಲಲ್ಲಿ ದರ ಹೆಚ್ಚು. ಹಣ ಖಜಾಂಚಿಯ ಸ್ವಂತ ಖಾತೆಗಲ್ಲ, ಕೂಟದ ಖಾತೆಗೇ ಬರಬೇಕು, ಕಳಿಸುವವರು ಮನೆಯ ಹೆಸರನ್ನೂ ತಲೆಗಳ ಸಂಖ್ಯೆಯನ್ನೂ ಬರೆಯಬೇಕು. ಬಾರದವರಿಗೆ ಹಣ ವಾಪಸ್ ಉಂಟೋ ಇಲ್ಲವೋ ಎಂಬುದನ್ನು ಆಹ್ವಾನದಲ್ಲೇ ಹೇಳಿದರೆ ಜಗಳ ಕಡಿಮೆ. ಉಳಿದ ಹಣ ಯುಗಾದಿಯ ಖಾತೆಗೆ ಹೋಗುವುದು ವಾಡಿಕೆ. ವಾರದೊಳಗೆ ಖರ್ಚಿನ ಪಟ್ಟಿಯೂ ಎಲ್ಲರ ಕೈಸೇರಬೇಕು.