ನಾಲ್ಕೂವರೆ ಫ್ಯಾಟ್‌ನ ಲೆಕ್ಕ

ಊರಿನ ಚಿಕ್ಕ ಡೇರಿಗೆ ಬೆಳಗಿನ ಹೊತ್ತು ಬಂದು ಬೀಳುವ ಹಾಲು ದಿನವೂ ಒಂದೇ ತೆರನಾಗಿರುವುದಿಲ್ಲ. ಮಿಶ್ರತಳಿ ಹಸುವಿನ ಹಾಲಿನಲ್ಲಿ ಫ್ಯಾಟ್ ಶೇ. 4ರ ಆಸುಪಾಸಿನಲ್ಲಿದ್ದರೆ, ಎಮ್ಮೆ ಹಾಲಿನಲ್ಲಿ ಸಾಮಾನ್ಯವಾಗಿ 6 ದಾಟುತ್ತದೆ. ಎಮ್ಮೆ ಹಾಲಿನ ಕ್ಯಾನು ಒಂದು ಹೆಚ್ಚು ಬಂದರೂ, ಒಂದು ತಪ್ಪಿದರೂ ಒಟ್ಟು ಹಾಲಿನ ಫ್ಯಾಟ್ ಬದಲಾಗುತ್ತದೆ. ಆದರೆ ಪ್ಯಾಕೆಟ್ಟಿನ ಮೇಲೆ ಅಚ್ಚಾದ ಅಂಕಿ ಬದಲಾಗುವಂತಿಲ್ಲ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಕನಿಷ್ಠ 4.5, ಫುಲ್ ಕ್ರೀಮ್ ಹಾಲಿನಲ್ಲಿ ಕನಿಷ್ಠ 6 ಫ್ಯಾಟ್ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ನಿಯಮ ಮುರಿದಂತೆ. ಹೆಚ್ಚಾದರೆ ತುಪ್ಪವಾಗಬಹುದಾಗಿದ್ದ ಕೊಬ್ಬನ್ನು ಪುಕ್ಕಟೆ ಹಂಚಿದಂತೆ.

ಇದಕ್ಕೆ ಡೇರಿಯವರು ಕಂಡುಕೊಂಡ ದಾರಿ ಸರಳವಾಗಿದೆ. ಬಂದ ಹಾಲನ್ನು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ ಕ್ರೀಮ್ ಸೆಪರೇಟರಿಗೆ ಸುರಿಯುತ್ತಾರೆ. ಯಂತ್ರದ ಬಟ್ಟಲು ರಭಸದಿಂದ ತಿರುಗುವಾಗ ಭಾರವಾದ ಹಾಲು ಹೊರ ಅಂಚಿಗೆ ಸರಿಯುತ್ತದೆ, ಹಗುರವಾದ ಕೊಬ್ಬಿನ ಕಣಗಳು ನಡುವೆ ಉಳಿಯುತ್ತವೆ. ಒಂದು ನಳಿಗೆಯಿಂದ ಕೆನೆ ತೆಗೆದ ಹಾಲು, ಇನ್ನೊಂದರಿಂದ ಕ್ರೀಮ್ ಹೊರಬರುತ್ತದೆ. ಯಂತ್ರ ಸರಿಯಾಗಿದ್ದರೆ ಕೆನೆ ತೆಗೆದ ಹಾಲಿನಲ್ಲಿ ಶೇ. 0.1ರಷ್ಟೇ ಫ್ಯಾಟ್ ಉಳಿದಿರುತ್ತದೆ. ಕ್ರೀಮಿನಲ್ಲಿ ಎಷ್ಟಿರಬೇಕೆಂಬುದನ್ನು ಯಂತ್ರದ ತಿರುಪಿನಿಂದ ಹೊಂದಿಸಬಹುದು. ಈಗ 40 ಎಂದಿಟ್ಟುಕೊಳ್ಳೋಣ. ಇನ್ನುಳಿದಿರುವುದು ಇವೆರಡನ್ನೂ ಬೇಕಾದ ಅಳತೆಯಲ್ಲಿ ಮತ್ತೆ ಕೂಡಿಸುವ ಕೆಲಸ.

ಆ ಅಳತೆಯನ್ನು ತಿಳಿಸುವುದೇ ಪಿಯರ್ಸನ್ ಚೌಕ. ಚೌಕದ ಎಡಗಡೆ ಮೇಲೆ ಕ್ರೀಮಿನ ಫ್ಯಾಟ್, ಕೆಳಗೆ ಕೆನೆ ತೆಗೆದ ಹಾಲಿನ ಫ್ಯಾಟ್, ನಡುವೆ ನಮಗೆ ಬೇಕಾದ ಫ್ಯಾಟ್ ಬರೆಯಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು.

```
ಕ್ರೀಮ್       40           4.4   (4.5 - 0.1)
                   4.5
ಕೆನೆ ತೆಗೆದದ್ದು  0.1          35.5  (40 - 4.5)
```

ಬಲಗಡೆ ಬಂದ ಅಂಕಿಗಳೇ ಉತ್ತರ: 4.4 ಪಾಲು ಕ್ರೀಮಿಗೆ 35.5 ಪಾಲು ಕೆನೆ ತೆಗೆದ ಹಾಲು. ಇದು ಹೇಗೆ ಸರಿಹೋಗುತ್ತದೆಂದರೆ, ಕೆನೆ ತೆಗೆದ ಹಾಲಿನ ಪ್ರತಿ ಪಾಲಿನಲ್ಲಿ ನಮಗೆ ಬೇಕಾದುದಕ್ಕಿಂತ 4.4ರಷ್ಟು ಕೊರತೆಯಿದೆ. ಕ್ರೀಮಿನ ಪ್ರತಿ ಪಾಲಿನಲ್ಲಿ 35.5ರಷ್ಟು ಹೆಚ್ಚಳವಿದೆ. 35.5 ಪಾಲಿನ ಒಟ್ಟು ಕೊರತೆಯನ್ನು 4.4 ಪಾಲಿನ ಒಟ್ಟು ಹೆಚ್ಚಳ ಸರಿಯಾಗಿ ತುಂಬುತ್ತದೆ. ಬೆರೆಸಿದಾಗ ಫ್ಯಾಟ್ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ ಎಂಬುದಷ್ಟೇ ಈ ಲೆಕ್ಕದ ಬುನಾದಿ.

ಈಗ 200 ಕೆ.ಜಿ. ಹಾಲು ಬೇಕೆನ್ನೋಣ. ಒಟ್ಟು ಪಾಲು 4.4 ಮತ್ತು 35.5 ಸೇರಿ 39.9. 200ನ್ನು 4.4ರಿಂದ ಗುಣಿಸಿ 39.9ರಿಂದ ಭಾಗಿಸಿದರೆ ಕ್ರೀಮ್ 22.06 ಕೆ.ಜಿ. ಉಳಿದ 177.94 ಕೆ.ಜಿ. ಕೆನೆ ತೆಗೆದ ಹಾಲು. ತಾಳೆ ನೋಡುವುದು ಸುಲಭ: ಕ್ರೀಮಿನಿಂದ ಬರುವ ಕೊಬ್ಬು 8.82 ಕೆ.ಜಿ., ಹಾಲಿನಿಂದ 0.18, ಒಟ್ಟು 9 ಕೆ.ಜಿ. ಅದು 200ರ ಶೇ. 4.5.

ಲೆಕ್ಕ ತಪ್ಪುವುದು ಅಪರೂಪ. ತಪ್ಪುವುದು ಅದರೊಳಗೆ ಹಾಕುವ ಅಂಕಿ. ಮೊದಲನೆಯದಾಗಿ, ಶೇಕಡಾವಾರು ಫ್ಯಾಟ್ ಎಂಬುದು ತೂಕದ ಮಾತು, ಹಾಗಾಗಿ ಬೆರೆಸುವುದೂ ತೂಕದಲ್ಲೇ ಆಗಬೇಕು. ಒಂದು ಲೀಟರ್ ಕೆನೆ ತೆಗೆದ ಹಾಲು ಸುಮಾರು 1.035 ಕೆ.ಜಿ. ತೂಗುತ್ತದೆ, ಒಂದು ಲೀಟರ್ ಕ್ರೀಮ್ ಒಂದು ಕೆ.ಜಿ.ಗೂ ತುಸು ಕಡಿಮೆ. ಮೇಲಿನ ಅಂಕಿಗಳನ್ನೇ ಲೀಟರಿನಲ್ಲಿ ಅಳೆದು ಸುರಿದರೆ ಹಾಲಿನ ಭಾಗ ಹೆಚ್ಚಾಗಿ, ಫ್ಯಾಟ್ 4.5ರ ಬದಲು 4.35ರ ಹತ್ತಿರಕ್ಕೆ ಇಳಿಯುತ್ತದೆ.

ಎರಡನೆಯದು ಕ್ರೀಮಿನ ಪರೀಕ್ಷೆ. ಹಾಲಿನ ಗರ್ಬರ್ ಪರೀಕ್ಷೆಗೆ ಪಿಪೆಟ್ಟಿನಿಂದ ಅಳೆದು ಹಾಕಿದರೆ ಸಾಕು. ಕ್ರೀಮಿಗೆ ಅದು ನಡೆಯದು. ಕ್ರೀಮ್ ಮಂದವಾಗಿದ್ದು ಪಿಪೆಟ್ಟಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಅದರಲ್ಲಿ ಗಾಳಿಯ ಗುಳ್ಳೆಗಳೂ ಸೇರಿರುತ್ತವೆ. ಆದ್ದರಿಂದ ಕ್ರೀಮನ್ನು ತೂಗಿ, ಕ್ರೀಮಿಗೆಂದೇ ಇರುವ ಬ್ಯುಟಿರೋಮೀಟರಿನಲ್ಲಿ ಪರೀಕ್ಷಿಸಬೇಕು. ಹಾಲಿಗಾಗಿ ಮಾಡಿದ ಟೆಸ್ಟಿಂಗ್ ಯಂತ್ರಕ್ಕೆ ಗಟ್ಟಿ ಕ್ರೀಮ್ ಹಾಕಿ ಬಂದ ಅಂಕಿಯನ್ನು ನಂಬುವಂತಿಲ್ಲ. ಹಾಲಿನ ಬಿಸಿ, ಸುರಿಯುವ ವೇಗ, ಬಟ್ಟಲಿನ ವೇಗ ಕೊಂಚ ಬದಲಾದರೂ ಕ್ರೀಮಿನ ಫ್ಯಾಟ್ ಬದಲಾಗುತ್ತದೆ. ನಿನ್ನೆ 40 ಇತ್ತೆಂದು ಇಂದೂ ಅದನ್ನೇ ಬರೆದರೆ ಏನಾಗುತ್ತದೆ? ನಿಜವಾದ ಫ್ಯಾಟ್ 38 ಇದ್ದರೆ, ನಮ್ಮ 200 ಕೆ.ಜಿ. ಹಾಲಿನ ಫ್ಯಾಟ್ 4.28ಕ್ಕೆ ನಿಲ್ಲುತ್ತದೆ.

ಇದು ಗೊತ್ತಾಗುವುದು ಬೆರೆಸಿದ ಮೇಲಿನ ಪರೀಕ್ಷೆಯಿಂದ. ಬೆಚ್ಚಗಿರುವ ಹಾಲಿಗೆ ಬೆಚ್ಚಗಿನ ಕ್ರೀಮ್ ಸೇರಿಸಿ, ಪ್ಲಂಜರನ್ನು ತಳದಿಂದ ಮೇಲಕ್ಕೆ ನಿಧಾನವಾಗಿ ಆಡಿಸಬೇಕು. ಕಡೆಯುವಂತೆ ಕಲಕಿದರೆ ಕೊಬ್ಬು ಬೆಣ್ಣೆಯ ಹರಳಾಗಿ ಮೇಲೆ ಕೂರುತ್ತದೆ. ಕಲಕಿದ ಕೂಡಲೇ ಸ್ಯಾಂಪಲ್ ತೆಗೆಯಬೇಕು, ತಡವಾದರೆ ಕೆನೆ ಮೇಲೇರಿ ಅಂಕಿ ಸುಳ್ಳಾಗುತ್ತದೆ. ಪರೀಕ್ಷೆಯಲ್ಲಿ 4.28 ಬಂದರೆ ಮತ್ತದೇ ಚೌಕ ನೆರವಿಗೆ ಬರುತ್ತದೆ, ಈ ಬಾರಿ ಕ್ರೀಮಿನ ನಿಜವಾದ ಫ್ಯಾಟ್ 38ನ್ನು ಹಾಕಿ. ಕೊರತೆ 0.22, ಹೆಚ್ಚಳ 33.5. 200ನ್ನು 0.22ರಿಂದ ಗುಣಿಸಿ 33.5ರಿಂದ ಭಾಗಿಸಿದರೆ 1.31 ಕೆ.ಜಿ. ಅಷ್ಟು ಕ್ರೀಮ್ ಸೇರಿಸಿದರೆ ಹಾಲು 4.5ಕ್ಕೆ ಬರುತ್ತದೆ. ಫ್ಯಾಟ್ ಹೆಚ್ಚಾಗಿದ್ದರೆ ಇದೇ ಬಗೆಯಲ್ಲಿ ಕೆನೆ ತೆಗೆದ ಹಾಲು ಸೇರಿಸಬೇಕು. ಪಾಶ್ಚರೀಕರಣಕ್ಕೆ ಮುಂಚೆಯೇ ಈ ತಿದ್ದುಪಡಿ ಮುಗಿದಿರಬೇಕು, ಆಮೇಲೆ ಹಸಿ ಕ್ರೀಮನ್ನಾಗಲಿ ಹಸಿ ಹಾಲನ್ನಾಗಲಿ ಸೇರಿಸುವಂತಿಲ್ಲ.

ಚೌಕ ಒಂದನ್ನು ಮಾತ್ರ ನೋಡುವುದಿಲ್ಲ: ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಪ್ರೋಟೀನು, ಸಕ್ಕರೆ, ಲವಣಗಳ ಘನಾಂಶ. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಇದು ಕನಿಷ್ಠ ಶೇ. 8.5 ಇರಬೇಕು. ಕೆನೆ ತೆಗೆದ ಹಾಲಿನಲ್ಲಿ 8.85 ಇದೆ ಎನ್ನೋಣ. ಕ್ರೀಮಿನ 40 ಭಾಗ ಕೊಬ್ಬೇ ಆದ್ದರಿಂದ, ಉಳಿದ 60 ಭಾಗದಲ್ಲಿರುವ ಎಸ್‌ಎನ್‌ಎಫ್ ಒಟ್ಟು ಕ್ರೀಮಿನ ಶೇ. 5.3ರಷ್ಟೇ. ಎರಡೂ ಸೇರಿದಾಗ ನಮ್ಮ 200 ಕೆ.ಜಿ.ಯಲ್ಲಿ ಎಸ್‌ಎನ್‌ಎಫ್ 8.46ಕ್ಕೆ ಇಳಿಯುತ್ತದೆ. ಫ್ಯಾಟ್ ಸರಿಯಾಗಿದ್ದರೂ ಹಾಲು ನಿಯಮಕ್ಕೆ ಕೂದಲೆಳೆಯಷ್ಟು ಕಡಿಮೆ ಬಿದ್ದಿತು. ಕೊರತೆ 80 ಗ್ರಾಂ ಘನಾಂಶ ಮಾತ್ರ. ಸುಮಾರು 100 ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ಸ್ವಲ್ಪ ಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿದರೆ ಅದು ತುಂಬುತ್ತದೆ.

ಫ್ಯಾಟ್ ಇಳಿಸಲು ನೀರು ಏಕೆ ಕೂಡದು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕೆನೆ ತೆಗೆದ ಹಾಲು ಫ್ಯಾಟನ್ನು ಮಾತ್ರ ತಗ್ಗಿಸಿ ಎಸ್‌ಎನ್‌ಎಫ್ ಉಳಿಸಿಕೊಡುತ್ತದೆ. ನೀರು ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ, ಲ್ಯಾಕ್ಟೋಮೀಟರಿನ ಡಿಗ್ರಿ ಕುಸಿದು ಆ ಕಲಬೆರಕೆಯನ್ನು ಹೇಳಿಬಿಡುತ್ತದೆ. ಹಾಗಾಗಿ ತೂಕದ ಯಂತ್ರ, ಗರ್ಬರ್ ಪರೀಕ್ಷೆಯ ಸಲಕರಣೆ, ಲ್ಯಾಕ್ಟೋಮೀಟರ್ ಈ ಮೂರೂ ಇದ್ದು, ಪ್ರತಿ ತಂಡದ ಹಾಲನ್ನು ಬೆರೆಸುವ ಮೊದಲು ಒಮ್ಮೆ, ಬೆರೆಸಿದ ಮೇಲೆ ಒಮ್ಮೆ ಪರೀಕ್ಷಿಸುವ ಡೇರಿಗೆ ದೊಡ್ಡ ಯಂತ್ರಗಳಿಲ್ಲದೆಯೂ ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನು ದಿನವೂ ನಿಜವಾಗಿಸಲು ಸಾಧ್ಯ.