ಬ್ರಾಹ್ಮಿ ಎಂದರೆ ಯಾವ ಗಿಡ?

ಹೊರದೇಶದ ಕೊಳ್ಳುಗನಿಗಾಗಿ ಚೂರ್ಣವೊಂದರ ಲೇಬಲ್ ಅನುವಾದಿಸುವಾಗ ಮೊದಲ ತೊಡಕು ಬರುವುದು ಹೆಸರಿನಲ್ಲೇ. ಕರ್ನಾಟಕದ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ; ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಆಯುರ್ವೇದದ ಅಧಿಕೃತ ಔಷಧ ಸಂಹಿತೆಯಲ್ಲಿ ಅದು ಮಂಡೂಕಪರ್ಣಿ. ಬ್ರಾಹ್ಮಿ ಎಂಬ ಹೆಸರು ಬಕೋಪಾ ಮೊನ್ನಿಯೇರಿ ಎಂಬ ನೀರುಬ್ರಾಹ್ಮಿಗೆ ಸಲ್ಲುತ್ತದೆ. ಆದ್ದರಿಂದ ಅನುವಾದಕ ಊಹಿಸದೆ, ತಯಾರಕರನ್ನು ಕೇಳಿ, ಸಂಸ್ಕೃತ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನೂ ಬಳಸಿದ ಭಾಗವನ್ನೂ (ಬೇರು, ಎಲೆ, ಇಡೀ ಗಿಡ) ಬರೆಯಬೇಕು.

ಅದೇ ಚೂರ್ಣದಲ್ಲಿ ಯಷ್ಟಿಮಧುವಿದೆ ಎನ್ನೋಣ. ಇದನ್ನು ‘ಸಿಹಿ ಬೇರು’ ಎಂದಷ್ಟೇ ಅನುವಾದಿಸಿದರೆ ಅಪಾಯ ಮರೆಯಾಗುತ್ತದೆ. ಇದು ಜ್ಯೇಷ್ಠಮಧು, ಇದರಲ್ಲಿನ ಗ್ಲಿಸಿರೈಜಿನ್ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಸೇರಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿಯಬಹುದು. ಮೂಲದಲ್ಲಿ ‘ರಕ್ತದೊತ್ತಡವಿರುವವರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು’ ಎಂದಿದ್ದರೆ, ‘ಸಲಹೆ ಪಡೆಯುವುದು ಒಳ್ಳೆಯದು’ ಎಂದು ಮೆದುಗೊಳಿಸುವುದು ತಪ್ಪು. ನಿಷೇಧ ನಿಷೇಧವಾಗಿಯೇ ಉಳಿಯಬೇಕು.

ಪ್ರಮಾಣಕ್ಕೂ ಇದೇ ಎಚ್ಚರ ಬೇಕು. ‘3 ಗ್ರಾಂ’ ಎಂದಿದ್ದುದನ್ನು ‘ಒಂದು ಚಮಚ’ ಎನ್ನಬಾರದು. ಚಮಚದ ಗಾತ್ರ ಮನೆಯಿಂದ ಮನೆಗೆ ಬೇರೆ. ಅನುಪಾನ ಎಂಬ ಪದವನ್ನು ಹಾಗೆಯೇ ಬಿಡದೆ, ‘ಬಿಸಿ ಹಾಲಿನೊಂದಿಗೆ ಸೇವಿಸಿ’ ಎಂದು ಬಿಡಿಸಿ ಹೇಳಬೇಕು.