ತೂಕ ಏರಿಸುವ ರಾತ್ರಿಯೂಟ

ಮೂರು ನಾಲ್ಕು ವಾರ ತೂಕ ಏರದೆ ಇಳಿಯದೆ ನಿಂತಿದ್ದರೆ, ಆ ದಿನಗಳಲ್ಲಿ ಉಂಡದ್ದೂ ದೇಹ ಖರ್ಚು ಮಾಡಿದ್ದೂ ಸರಿಸಮ ಎಂದರ್ಥ. ತೂಕ ಹೆಚ್ಚಬೇಕಾದರೆ ಈ ಮಟ್ಟದ ಮೇಲೆ ದಿನಕ್ಕೆ ಸುಮಾರು 300ರಿಂದ 400 ಕ್ಯಾಲೊರಿ ಹೆಚ್ಚು ಸಿಗಬೇಕು. ಹೊಸದಾಗಿ ಜಿಮ್ ಸೇರಿದ, 54 ಕಿಲೊ ತೂಕದ, 170 ಸೆಂಟಿಮೀಟರ್ ಎತ್ತರದ 22 ವರ್ಷದ ಯುವಕನ ನಿತ್ಯದ ಖರ್ಚು ಅಂದಾಜು 2,250 ಕ್ಯಾಲೊರಿ. ಅವನ ಗುರಿ 2,600ರ ಆಸುಪಾಸು. ಈ ಹೆಚ್ಚುವರಿಯನ್ನು ರಾತ್ರಿಯೂಟಕ್ಕೇ ಸೇರಿಸುವುದು ಅನುಕೂಲ. ಬೆಳಿಗ್ಗೆ ಕಾಲೇಜು ಅಥವಾ ಕೆಲಸದ ಧಾವಂತ, ಮಧ್ಯಾಹ್ನ ಬುತ್ತಿಯೂಟ; ಮನೆಯಲ್ಲಿ ಅಳೆದು ನೋಡಿ, ನಿಧಾನವಾಗಿ ಉಣ್ಣಲು ಸಿಗುವುದು ರಾತ್ರಿಯೊಂದೇ.

ಲೆಕ್ಕ ಶುರುವಾಗಬೇಕಾದದ್ದು ಈಗಿನ ತಟ್ಟೆಯಿಂದ. ಹಳೇ ಮೈಸೂರು ಕಡೆಯ ಒಂದು ಸಾಧಾರಣ ರಾತ್ರಿಯೂಟವನ್ನು ತೆಗೆದುಕೊಳ್ಳಬಹುದು. 80 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 255 ಕ್ಯಾಲೊರಿ, 6 ಗ್ರಾಂ ಪ್ರೋಟೀನ್ ಇರುತ್ತದೆ. 50 ಗ್ರಾಂ ಅಕ್ಕಿಯ ಅನ್ನದಲ್ಲಿ 180 ಕ್ಯಾಲೊರಿ, 4 ಗ್ರಾಂ ಪ್ರೋಟೀನ್. ಸಾರಿನಲ್ಲಿ ಒಬ್ಬರ ಪಾಲಿಗೆ 20 ಗ್ರಾಂ ತೊಗರಿಬೇಳೆ ಬಂದರೆ 65 ಕ್ಯಾಲೊರಿ, 4 ಗ್ರಾಂ ಪ್ರೋಟೀನ್; ಒಗ್ಗರಣೆಯ ಒಂದು ಟೀ ಚಮಚ ಎಣ್ಣೆ 45. ಒಟ್ಟು 545 ಕ್ಯಾಲೊರಿ, 14 ಗ್ರಾಂ ಪ್ರೋಟೀನ್. ಹೊಟ್ಟೆ ತುಂಬುತ್ತದೆ, ಆದರೆ ಸ್ನಾಯು ಬೆಳೆಯಲು ಬೇಕಾದ ಪ್ರೋಟೀನ್ ಕಡಿಮೆ. ಭಾರ ಎತ್ತುವವರಿಗೆ ಕಿಲೊ ತೂಕಕ್ಕೆ ದಿನಕ್ಕೆ 1.6 ಗ್ರಾಂ ಒಳ್ಳೆಯ ಗುರಿ. ಈ ಯುವಕನಿಗೆ ಅದು 86 ಗ್ರಾಂ ಆಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವುದರಲ್ಲಿ. ಮುದ್ದೆ ನೀರು ಹೀರಿ ಉಬ್ಬಿದ, ನಾರಿರುವ ಆಹಾರ. ಎರಡನೆಯದು ಇಳಿಯುವ ಹೊತ್ತಿಗೆ ಬೇರೇನೂ ಸೇರುವುದಿಲ್ಲ, ಮರುದಿನದ ತಿಂಡಿಯೂ ತಪ್ಪುತ್ತದೆ. ಆದ್ದರಿಂದ ಮುದ್ದೆ, ಅನ್ನ ಇದ್ದಷ್ಟೇ ಇರಲಿ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಇರುವ ಪದಾರ್ಥಗಳು ಪಕ್ಕಕ್ಕೆ ಬರಲಿ. ಬೆಂದ ಬೇಳೆಗೆ ನೀರು ಬೆರೆಸುವ ಮೊದಲೇ ಇನ್ನೊಂದು 20 ಗ್ರಾಂ ಬೇಳೆಯ ಪಾಲನ್ನು ತೆಗೆದಿಟ್ಟು ಗಟ್ಟಿಯಾಗಿ ಬಡಿಸಿದರೆ 65 ಕ್ಯಾಲೊರಿ, 4 ಗ್ರಾಂ ಪ್ರೋಟೀನ್ ಸೇರುತ್ತದೆ. ಬೇಯಿಸಿದ ಎರಡು ಮೊಟ್ಟೆಗೆ 140 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಅನ್ನದ ಮೇಲೆ ಒಂದು ಟೀ ಚಮಚ ತುಪ್ಪಕ್ಕೆ 45. ಊಟವಾಗಿ ಒಂದು ಗಂಟೆಯ ಮೇಲೆ 200 ಮಿಲಿಲೀಟರ್ ಹಾಲಿಗೆ 120 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಸೇರಿದ್ದು 370, ಹೊಸ ಮೊತ್ತ 915 ಕ್ಯಾಲೊರಿ, 36 ಗ್ರಾಂ ಪ್ರೋಟೀನ್.

ಮೊಟ್ಟೆ ತಿನ್ನದವರಿಗೆ 50 ಗ್ರಾಂ ಪನೀರ್ ಹತ್ತಿರದ ಬದಲಿ: 130 ಕ್ಯಾಲೊರಿ, 9 ಗ್ರಾಂ ಪ್ರೋಟೀನ್. ಹುರಿದ ಕಡಲೆಕಾಯಿ ಬೀಜ 25 ಗ್ರಾಂ ತಿಂದರೆ ಕ್ಯಾಲೊರಿ ಬಹುತೇಕ ಮೊಟ್ಟೆಯಷ್ಟೇ, ಪ್ರೋಟೀನ್ ಮಾತ್ರ ಅರ್ಧ.

ಈ ಮೊತ್ತಗಳೆಲ್ಲ ಹಸಿ ಪದಾರ್ಥದ ತೂಕಕ್ಕೆ ಸಂಬಂಧಿಸಿದವು. 50 ಗ್ರಾಂ ಅಕ್ಕಿ ಬೆಂದಾಗ ಸುಮಾರು 145 ಗ್ರಾಂ ಅನ್ನವಾಗುತ್ತದೆ. ಆ ಅನ್ನವನ್ನು ತಕ್ಕಡಿಯಲ್ಲಿಟ್ಟು ಅಕ್ಕಿಯ ಕ್ಯಾಲೊರಿಯಿಂದ ಗುಣಿಸಿದರೆ 180ರ ಬದಲು 515 ಬರುತ್ತದೆ. ಇಲ್ಲದ 335 ಕ್ಯಾಲೊರಿ ಲೆಕ್ಕದ ಪುಸ್ತಕ ಸೇರುತ್ತದೆ, ಹೆಚ್ಚುವರಿ ಪೂರ್ತಿ ಅದರಲ್ಲೇ ಕರಗಿಹೋಗುತ್ತದೆ. ಎಷ್ಟು ತಿಂದರೂ ದಪ್ಪವಾಗುವುದಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಂಥದೇ ತಪ್ಪು. ಎಣ್ಣೆಯದು ಇದರ ತಿರುವುಮುರುವು: ಅಂದಾಜಿನ ಮೇಲೆ ಸುರಿದ 15 ಗ್ರಾಂ ಎಣ್ಣೆ ಸದ್ದಿಲ್ಲದೆ 135 ಕ್ಯಾಲೊರಿ ಸೇರಿಸುತ್ತದೆ.

ಲೆಕ್ಕ ಸರಿಯೇ ಎಂಬುದನ್ನು ಕೊನೆಗೆ ಹೇಳುವುದು ತೂಕದ ಯಂತ್ರ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿ, ವಾರದ ಸರಾಸರಿ ಬರೆದಿಡಬೇಕು. ಮೊದಲ ವಾರ ಕಾಣುವ ಜಿಗಿತದಲ್ಲಿ ನೀರಿನ ಪಾಲು ದೊಡ್ಡದು, ಅದನ್ನು ನಂಬಬಾರದು. ಅನಂತರ 54 ಕಿಲೊ ತೂಕದವನಿಗೆ ವಾರಕ್ಕೆ 130ರಿಂದ 270 ಗ್ರಾಂ ಏರಿಕೆ ಸಾಕು. ಮೂರು ವಾರವಾದರೂ ಸರಾಸರಿ ಕದಲದಿದ್ದರೆ, ರಾತ್ರಿ ಹೆಚ್ಚು ಉಂಡು ಹಗಲಿನ ಊಟ ಕಡಿಮೆಯಾಯಿತೇ ಎಂದು ಮೊದಲು ನೋಡಬೇಕು. ಆಗಿಲ್ಲದಿದ್ದರೆ ಇನ್ನೊಂದು ಲೋಟ ಹಾಲು ಸೇರಿಸಬಹುದು. ಎತ್ತುವ ಭಾರ ಹೆಚ್ಚದೆ ಸೊಂಟದ ಸುತ್ತಳತೆ ಮಾತ್ರ ಬೇಗ ಬೆಳೆದರೆ ತುಪ್ಪವನ್ನೋ ಹಾಲನ್ನೋ ಕಡಿತಗೊಳಿಸಬೇಕು. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು ತಟ್ಟೆ ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು.